ಯಾವ ಕವಚಕ್ಕೆ ಯಾವ ಗುಂಡು?

ಆಟಗಾರ ತನ್ನದೇ ಬಂದೂಕು, ಕವಚ, ಔಷಧಗಳನ್ನು ಹೊತ್ತು ಒಂದು ನಕ್ಷೆಯೊಳಕ್ಕೆ ಇಳಿದು, ಸಿಕ್ಕಿದ್ದನ್ನು ಬಾಚಿಕೊಂಡು, ನಿಗದಿತ ಸಮಯದೊಳಗೆ ಹೊರದಾರಿಯನ್ನು ತಲುಪಬೇಕಾದ, ನಡುವೆ ಸತ್ತರೆ ಹೊತ್ತುತಂದಿದ್ದನ್ನೆಲ್ಲ ಕಳೆದುಕೊಳ್ಳಬೇಕಾದ ಕಂಪ್ಯೂಟರ್ ಆಟಗಳ ಪ್ರಕಾರಕ್ಕೆ ಎಕ್ಸ್‌ಟ್ರ್ಯಾಕ್ಷನ್ ಶೂಟರ್ ಎಂಬ ಹೆಸರಿದೆ. ಉಳಿದ ಶೂಟಿಂಗ್ ಆಟಗಳಲ್ಲಿ ಮದ್ದುಗುಂಡು ಎಂಬುದು ಪರದೆಯ ಮೂಲೆಯಲ್ಲಿ ಇಳಿಯುತ್ತಾ ಹೋಗುವ ಒಂದು ಸಂಖ್ಯೆ ಮಾತ್ರ. ಈ ಪ್ರಕಾರದಲ್ಲಿ ಅದು ದುಡ್ಡು ಕೊಟ್ಟು ಕೊಂಡ, ದರ್ಜೆ ನೋಡಿ ಆರಿಸಿದ, ಮ್ಯಾಗಜೀನಿಗೆ ಒಂದೊಂದಾಗಿ ತುಂಬಿದ ವಸ್ತು. ಈ ಪ್ರಕಾರಕ್ಕೆ ಮಾದರಿ ಹಾಕಿಕೊಟ್ಟ ‘ಎಸ್ಕೇಪ್ ಫ್ರಮ್ ಟಾರ್ಕೋವ್’ ಆಟವನ್ನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಬ್ಯಾಟಲ್‌ಸ್ಟೇಟ್ ಗೇಮ್ಸ್ ಸಂಸ್ಥೆ ರೂಪಿಸಿದ್ದು, 2017ರಲ್ಲಿ ಸೀಮಿತ ಪರೀಕ್ಷಾ ಆವೃತ್ತಿಯಾಗಿ ಹೊರಬಂದ ಅದು 2025ರ ನವೆಂಬರ್‌ನಲ್ಲಿ ಪೂರ್ಣ ಆವೃತ್ತಿಯಾಯಿತು. ಆ ಬಳಿಕ ಬಂದ ‘ಅರೇನಾ ಬ್ರೇಕೌಟ್’ನಂಥ ಆಟಗಳು ಗುಂಡಿನ ದರ್ಜೆಯನ್ನು ಕವಚದ ದರ್ಜೆಗೆ ಹೊಂದಿಸಿ ಅಂಕೆ, ಬಣ್ಣಗಳಲ್ಲಿ ತೋರಿಸುತ್ತವಾದರೂ, ಗುಂಡು ಮತ್ತು ಕವಚದ ನಡುವಿನ ಸಂಬಂಧದ ಒಳಲೆಕ್ಕವನ್ನು ಅರಿಯಲು ಟಾರ್ಕೋವ್‌ನಷ್ಟು ವಿವರವಾದ ಉದಾಹರಣೆ ಮತ್ತೊಂದಿಲ್ಲ.

ಟಾರ್ಕೋವ್‌ನಲ್ಲಿ ಒಂದೇ ಬಂದೂಕಿಗೆ ಹತ್ತಾರು ಬಗೆಯ ಗುಂಡುಗಳಿವೆ. ಹೊಸ ಆಟಗಾರರು ಬಂದೂಕಿನ ಅಂದಚಂದ, ದುರ್ಬೀನು, ಹಿಡಿಕೆಗಳಿಗೆ ಹಣ ಸುರಿದು, ಕೊನೆಗೆ ಕೈಗೆ ಸಿಕ್ಕ ಗುಂಡನ್ನು ತುಂಬಿಕೊಂಡು ಹೋಗುವುದು ಸಾಮಾನ್ಯ. ಅಂಥವರು ಎದುರಾಳಿಯ ಎದೆಗೆ ಏಳೆಂಟು ಗುಂಡು ಹೊಡೆದೂ ಅವನು ಬೀಳದೆ ಹೋದಾಗ ಆಟದಲ್ಲೇ ದೋಷವಿದೆ ಎಂದು ಭಾವಿಸುತ್ತಾರೆ. ಆದರೆ ಅಲ್ಲಿ ಸೋತಿರುವುದು ಬಂದೂಕೂ ಅಲ್ಲ, ಗುರಿಯೂ ಅಲ್ಲ, ಗುಂಡಿನ ಆಯ್ಕೆ.

ಪ್ರತಿ ಗುಂಡಿಗೂ ಎರಡು ಮುಖ್ಯ ಅಂಕಗಳಿರುತ್ತವೆ. ಮೊದಲನೆಯದು ಡ್ಯಾಮೇಜ್, ಅಂದರೆ ಗುಂಡು ಬರಿಮೈಗೆ ತಗುಲಿದಾಗ ಮಾಡುವ ಹಾನಿ. ಎರಡನೆಯದು ಪೆನೆಟ್ರೇಷನ್, ಅಂದರೆ ಕವಚವನ್ನು ಭೇದಿಸಿ ಒಳನುಗ್ಗುವ ಶಕ್ತಿ. ಆಟಗಾರರ ಬಾಯಲ್ಲಿ ಇದು ಬರೀ ‘ಪೆನ್’. ಇವೆರಡೂ ಸಾಮಾನ್ಯವಾಗಿ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ: ಮೈಯೊಳಗೆ ಅರಳಿಕೊಂಡು ದೊಡ್ಡ ಗಾಯ ಮಾಡುವ ಮೆದು ತುದಿಯ ಗುಂಡು ಕವಚದ ಮುಂದೆ ನಿಷ್ಪ್ರಯೋಜಕವಾಗುತ್ತದೆ, ಗಟ್ಟಿ ತಿರುಳಿನ ಗುಂಡು ಕವಚವನ್ನು ದಾಟುತ್ತದಾದರೂ ಒಳಗೆ ಮಾಡುವ ಗಾಯ ಕಿರಿದು. ನಿಜಜಗತ್ತಿನ ಗುಂಡುಗಳ ಗುಣವೇ ಇಲ್ಲಿ ಅಂಕಗಳ ರೂಪ ತಾಳಿದೆ. 5.56×45 ಮಿಲಿಮೀಟರ್ ಅಳತೆಯ ಗುಂಡುಗಳನ್ನೇ ಗಮನಿಸಿದರೆ, Warmageddon ಎಂಬುದರ ಹಾನಿ 88, ಪೆನ್ ಬರೀ 3. M855ರ ಹಾನಿ 54, ಪೆನ್ 31. M856A1ರ ಹಾನಿ 52, ಪೆನ್ 38. M855A1ರ ಹಾನಿ 49, ಪೆನ್ 44. ಟಂಗ್‌ಸ್ಟನ್ ತಿರುಳಿನ M995ರ ಹಾನಿ 42, ಪೆನ್ 53. ಪ್ಯಾಚ್‌ಗಳು, ಅಂದರೆ ಆಟದ ಪರಿಷ್ಕರಣೆಗಳು, ಬಂದಾಗ ಇಂಥ ಅಂಕಗಳು ಒಂದಿಷ್ಟು ಮೇಲೆ ಕೆಳಗೆ ಆಗುವುದುಂಟು. ಆದರೂ ಅವುಗಳ ಏರಿಳಿತದ ಕ್ರಮ ವರ್ಷಗಳಿಂದ ಹೆಚ್ಚುಕಡಿಮೆ ಇದೇ ಆಗಿದೆ.

ಈ ಹಾನಿಯನ್ನು ಯಾವುದರಿಂದ ಕಳೆಯಬೇಕು ಎಂಬುದೂ ತಿಳಿದಿರಬೇಕು. ಟಾರ್ಕೋವ್‌ನಲ್ಲಿ ಆಟಗಾರನ ದೇಹವನ್ನು ಏಳು ಭಾಗಗಳಾಗಿ ವಿಂಗಡಿಸಿ ಒಟ್ಟು 440 ಅಂಕಗಳ ಆರೋಗ್ಯವನ್ನು ಹಂಚಲಾಗಿದೆ: ತಲೆಗೆ 35, ಎದೆಗೆ 85, ಹೊಟ್ಟೆಗೆ 70, ಪ್ರತಿ ಕೈಗೆ 60, ಪ್ರತಿ ಕಾಲಿಗೆ 65. ತಲೆ ಅಥವಾ ಎದೆಯ ಅಂಕ ಸೊನ್ನೆಯಾದರೆ ಸಾವು. ಉಳಿದ ಭಾಗಗಳ ಅಂಕ ಮುಗಿದರೆ ಆ ಅಂಗ ನಿಷ್ಕ್ರಿಯವಾಗುತ್ತದಷ್ಟೆ, ಜೀವ ಉಳಿದಿರುತ್ತದೆ. ಹೀಗಾಗಿ ಕವಚವಿಲ್ಲದ ಎದೆಗೆ ಒಂದೇ Warmageddon ತಗುಲಿದರೂ 85 ಅಂಕ ಮುಗಿದುಹೋಗುತ್ತದೆ, M855 ಆದರೆ ಎರಡು ಬೇಕು. ಎದುರಾಳಿಗಳೆಲ್ಲ ಬರಿಮೈಯಲ್ಲಿ ಬರುವವರಾಗಿದ್ದರೆ ಅತಿ ಹೆಚ್ಚು ಹಾನಿಯ ಗುಂಡೇ ಅತ್ಯುತ್ತಮ ಎಂದು ಮಾತು ಮುಗಿಸಬಹುದಿತ್ತು.

ಆದರೆ ಕವಚಗಳಿಗೆ 1ರಿಂದ 6ರವರೆಗೆ ದರ್ಜೆಗಳಿವೆ. ಇವನ್ನು ಕ್ಲಾಸ್ ಎಂದು ಕರೆಯುತ್ತಾರೆ. ದರ್ಜೆಯನ್ನು ಹತ್ತರಿಂದ ಗುಣಿಸಿದರೆ ಬರುವ ಸಂಖ್ಯೆಯೇ ಆ ಕವಚ ಹೊಸದಾಗಿದ್ದಾಗ ಒಡ್ಡುವ ತಡೆಯ ಅಂದಾಜು, ಅಂದರೆ ನಾಲ್ಕನೇ ದರ್ಜೆಗೆ ಸುಮಾರು 40, ಐದನೆಯದಕ್ಕೆ 50, ಆರನೆಯದಕ್ಕೆ 60. ಗುಂಡಿನ ಪೆನ್ ಈ ತಡೆಗಿಂತ ಹೆಚ್ಚಿದ್ದರೆ ಗುಂಡು ಹೆಚ್ಚುಕಡಿಮೆ ಖಚಿತವಾಗಿ ಒಳಹೋಗುತ್ತದೆ. ತಡೆಗಿಂತ ಹದಿನೈದು ಅಂಕ ಅಥವಾ ಅದಕ್ಕೂ ಹೆಚ್ಚು ಕಡಿಮೆಯಿದ್ದರೆ ಒಳಹೋಗುವ ಸಂಭವವೇ ಇಲ್ಲ. ಈ ಎರಡು ಗಡಿಗಳ ನಡುವಿನ ಹದಿನೈದು ಅಂಕಗಳ ಪಟ್ಟಿಯಲ್ಲಿ ಮಾತ್ರ ಅದೃಷ್ಟದ ಆಟ ನಡೆಯುತ್ತದೆ, ಮತ್ತು ಅಲ್ಲಿ ಸಂಭವನೀಯತೆ ಸಮನಾಗಿ ಏರದೆ ಕೆಳತುದಿಯಲ್ಲಿ ಬಲು ನಿಧಾನವಾಗಿಯೂ ಮೇಲ್ತುದಿಯ ಬಳಿ ಕಡಿದಾಗಿಯೂ ಏರುತ್ತದೆ. ಆದ್ದರಿಂದ ತಡೆಗೆ ಒಂಬತ್ತು ಅಂಕ ಕಡಿಮೆಯಿರುವ ಗುಂಡನ್ನು ‘ಅರ್ಧಕ್ಕರ್ಧ ನಡೆಯುತ್ತದೆ’ ಎಂದು ನಂಬುವುದು ತಪ್ಪಾಗುತ್ತದೆ. ಅದು ನಿಜವಾಗಿ ನಡೆಯುವುದು ಏಳೆಂಟು ಹೊಡೆತಕ್ಕೆ ಒಂದರಷ್ಟು.

ಆಟಗಾರರ ಸಮುದಾಯ ಪರೀಕ್ಷೆಗಳಿಂದಲೂ ಆಟದ ಕಡತಗಳಿಂದಲೂ ಕಂಡುಕೊಂಡಿರುವ ಸೂತ್ರವನ್ನು ಬಳಸಿ ಒಂದು ಪ್ರಸಂಗವನ್ನು ಪೂರ್ತಿ ಲೆಕ್ಕ ಹಾಕಿ ನೋಡಬಹುದು. ಆಟಗಾರನ ಕೈಯಲ್ಲಿ 5.56 ಅಳತೆಯ ಎಂ4ಎ1 ಬಂದೂಕಿದೆ, ಎದುರಾಳಿಯ ಎದೆಯ ಮೇಲೆ ಇನ್ನೂ ಪೆಟ್ಟು ತಿನ್ನದ ನಾಲ್ಕನೇ ದರ್ಜೆಯ ಪ್ಲೇಟ್ ಇದೆ, ಇಬ್ಬರ ನಡುವಿನ ದೂರ ಕಡಿಮೆ. M855 ತುಂಬಿದ್ದರೆ ಮೊದಲ ಗುಂಡು ಪ್ಲೇಟನ್ನು ಭೇದಿಸುವ ಸಂಭವ ನೂರಕ್ಕೆ ಹದಿಮೂರು ಹದಿನಾಲ್ಕು. M856A1 ತುಂಬಿದ್ದರೆ ಅದು ಒಮ್ಮೆಲೇ ಅರವತ್ತೈದರ ಆಸುಪಾಸಿಗೆ ಜಿಗಿಯುತ್ತದೆ; ಪೆನ್‌ನಲ್ಲಿ ಏಳೇ ಅಂಕಗಳ ವ್ಯತ್ಯಾಸ, ಫಲದಲ್ಲಿ ಸುಮಾರು ಐದು ಪಟ್ಟು. M855A1ಕ್ಕೆ ಅದು ತೊಂಬತ್ತನಾಲ್ಕರ ಹತ್ತಿರ, M995ಕ್ಕೆ ತೊಂಬತ್ತೇಳರ ಹತ್ತಿರ. ಕೊನೆಯ ಎರಡು ಗುಂಡುಗಳ ನಡುವಿನ ಅಂತರ ಮೂರು ಅಂಕವನ್ನೂ ಮುಟ್ಟುವುದಿಲ್ಲ. ಗಡಿಯನ್ನು ದಾಟಿಬಿಟ್ಟ ಮೇಲೆ ಹೆಚ್ಚುವರಿ ಪೆನ್‌ನಿಂದ ಭೇದನೆಯಲ್ಲಿ ಸಿಗುವ ಲಾಭ ಇಷ್ಟು ಅಲ್ಪ ಎಂಬುದನ್ನು ಬಣ್ಣ ಬಳಿದ ಗುಂಡಿನ ಪಟ್ಟಿಗಳು ಹೇಳುವುದಿಲ್ಲ. ಅತಿ ಹೆಚ್ಚು ಪೆನ್ ಇರುವುದೇ ಅತ್ಯುತ್ತಮ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಅಂಥ ಪಟ್ಟಿಗಳೇ ಬಹುಪಾಲು ಕಾರಣ.

ಭೇದಿಸಿ ಒಳಹೋದ ಗುಂಡೂ ತನ್ನ ಪೂರ್ತಿ ಹಾನಿಯನ್ನು ಉಳಿಸಿಕೊಂಡಿರುವುದಿಲ್ಲ. ಪೆನ್ ತಡೆಗಿಂತ ಹನ್ನೆರಡು ಅಂಕದಷ್ಟು ಹೆಚ್ಚಿದ್ದರೆ ಮಾತ್ರ ಹಾನಿ ಕುಗ್ಗದೆ ಮೈಗೆ ತಲುಪುತ್ತದೆ. ಅದಕ್ಕಿಂತ ಕಡಿಮೆಯಿದ್ದಷ್ಟೂ ಪ್ಲೇಟ್ ಒಂದು ಪಾಲನ್ನು ಹೀರಿಕೊಳ್ಳುತ್ತದೆ. M855A1ರ 49 ಅಂಕದ ಹಾನಿ ನಾಲ್ಕನೇ ದರ್ಜೆಯ ಹೊಸ ಪ್ಲೇಟನ್ನು ದಾಟುವಾಗ ಸುಮಾರು 41ಕ್ಕೆ ಇಳಿಯುತ್ತದೆ. ಕಾಗದದ ಮೇಲೆ 49ರ ಎರಡು ಗುಂಡು ಸೇರಿ 98 ಆಗಿ 85 ಅಂಕದ ಎದೆಯನ್ನು ಮುಗಿಸಬೇಕಿತ್ತು, ಪ್ಲೇಟಿನ ಮುಂದೆ ಎರಡು ಸೇರಿದರೂ 83ನ್ನು ದಾಟದೆ ಮೂರನೆಯದು ಬೇಕಾಗುತ್ತದೆ. M995 ತನ್ನ 42ನ್ನು ಪೂರ್ತಿ ಉಳಿಸಿಕೊಳ್ಳುತ್ತದೆ, ಆದರೆ ಎರಡು ಗುಂಡಿಗೆ 84 ಆಗಿ ಒಂದೇ ಅಂಕದ ಕೊರತೆಯಿಂದ ಅದಕ್ಕೂ ಮೂರನೆಯದು ಬೇಕು. ನಾಲ್ಕನೇ ದರ್ಜೆಯ ಎದುರಾಳಿಯ ಮೇಲೆ ವಿರಳವೂ ದುಬಾರಿಯೂ ಆದ M995 ಸುರಿದವನಿಗೆ M855A1 ಹಾಕಿದವನಿಗಿಂತ ಎದೆಯ ಮಟ್ಟಿಗೆ ಸಿಕ್ಕ ಅನುಕೂಲ ನಗಣ್ಯ. ಎದುರಾಳಿಯ ಬರಿಗಾಲಿಗೋ ಕೈಗೋ ತಗುಲಿದ ಪ್ರತಿ ಗುಂಡಿನಲ್ಲಂತೂ ಅವನು ಏಳೇಳು ಅಂಕ ಕಳೆದುಕೊಂಡಿರುತ್ತಾನೆ. ನಿಮಿಷಕ್ಕೆ 800 ಗುಂಡು ಹಾರಿಸುವ ಈ ಬಂದೂಕಿನಲ್ಲಿ ಒಂದು ಗುಂಡಿಗೂ ಮುಂದಿನದಕ್ಕೂ ನಡುವಿನ ಬಿಡುವು ಸೆಕೆಂಡಿನ ಸಾವಿರದಲ್ಲಿ ಎಪ್ಪತ್ತೈದು ಭಾಗ. ಮೂರು ಗುಂಡಿಗೆ ಬದಲು ಏಳು ಬೇಕಾದರೆ ಎದುರಾಳಿಗೆ ಸಿಗುವ ಹೆಚ್ಚುವರಿ ಸಮಯ ಸೆಕೆಂಡಿನ ಮೂರನೇ ಒಂದು ಪಾಲಿನಷ್ಟು, ಅಷ್ಟರಲ್ಲಿ ತಿರುಗಿ ಹೊಡೆಯುವುದು ಪಳಗಿದ ಆಟಗಾರನಿಗೆ ಕಷ್ಟವಲ್ಲ.

ಇದೇ ಪ್ರಸಂಗದಲ್ಲಿ ಪ್ಲೇಟ್ ಐದನೇ ದರ್ಜೆಯದಾದರೆ ಚಿತ್ರ ಬದಲಾಗುತ್ತದೆ. M855A1ರ ಮೊದಲ ಗುಂಡು ಒಳಹೋಗುವ ಸಂಭವ ನೂರಕ್ಕೆ ಮೂವತ್ತಕ್ಕೆ ಕುಸಿಯುತ್ತದೆ, M995ರದು ತೊಂಬತ್ತಮೂರರಲ್ಲಿ ನಿಲ್ಲುತ್ತದೆ; ಹಿಂದಿನ ದರ್ಜೆಯಲ್ಲಿ ದುಂದು ಎನಿಸಿದ ಗುಂಡು ಇಲ್ಲಿ ತನ್ನ ಬೆಲೆಯನ್ನು ಗಳಿಸುತ್ತದೆ. ಆರನೇ ದರ್ಜೆಯ ಹೊಸ ಪ್ಲೇಟಿನ ಮುಂದೆ M855A1ಕ್ಕೆ ಮೊದಲ ಹೊಡೆತದಲ್ಲಿ ಯಾವ ಸಂಭವವೂ ಇಲ್ಲ, M995ಕ್ಕೂ ನಾಲ್ಕರಲ್ಲಿ ಒಂದರಷ್ಟು ಮಾತ್ರ. ಅಲ್ಲಿ 5.56ರ ಈ ಐದೂ ಗುಂಡುಗಳನ್ನು ಬಿಟ್ಟು 7.62×51 ಅಳತೆಯ M61ರಂಥದ್ದಕ್ಕೆ ಹೋಗಬೇಕಾಗುತ್ತದೆ. ಅದರ ಪೆನ್ 64, ಹಾನಿ 70. ದೊಡ್ಡ ಅಳತೆಯ ಗುಂಡಿಗೆ ಹಾನಿ, ಪೆನ್ ಎರಡನ್ನೂ ಒಟ್ಟಿಗೆ ಮೇಲಿಟ್ಟುಕೊಳ್ಳುವ ಶಕ್ತಿಯಿದೆ, ಅದಕ್ಕೆ ಪ್ರತಿಯಾಗಿ ಬಂದೂಕಿನ ಒದೆತ, ತೂಕ, ಮ್ಯಾಗಜೀನಿನ ಕಿರಿದಾದ ಗಾತ್ರವನ್ನು ಸಹಿಸಿಕೊಳ್ಳಬೇಕು.

ಇಲ್ಲಿಯವರೆಗಿನ ಲೆಕ್ಕವೆಲ್ಲ ಹೊಸ ಪ್ಲೇಟಿನದು, ಮೊದಲ ಗುಂಡಿನದು. ಒಳಹೋಗದ ಗುಂಡೂ ವ್ಯರ್ಥವಾಗುವುದಿಲ್ಲ. ಅದು ಕವಚದ ಹಿಂದಿನ ಮೈಗೆ ಜಜ್ಜುಗಾಯದ ರೂಪದಲ್ಲಿ ಅಲ್ಪ ಹಾನಿ ಮಾಡುತ್ತದೆ, ಅದಕ್ಕಿಂತ ಮುಖ್ಯವಾಗಿ ಕವಚದ ಬಾಳಿಕೆಯನ್ನು ಕಡಿಮೆ ಮಾಡುತ್ತದೆ. ಬಾಳಿಕೆ ಕುಗ್ಗಿದಂತೆ ತಡೆಯ ಅಂಕವೂ ಕುಗ್ಗುತ್ತದೆ, ಆದರೆ ಮೊದಮೊದಲು ನಿಧಾನವಾಗಿ, ಕೊನೆಯಲ್ಲಿ ವೇಗವಾಗಿ. ನಾಲ್ಕನೇ ದರ್ಜೆಯ ಪ್ಲೇಟಿನ ಬಾಳಿಕೆ ಮುಕ್ಕಾಲಿಗೆ ಇಳಿದಾಗ M855ರ ಸಂಭವ ನೂರಕ್ಕೆ ಇಪ್ಪತ್ತೈದಕ್ಕೂ, ಅರ್ಧಕ್ಕೆ ಇಳಿದಾಗ ಐವತ್ತೆರಡಕ್ಕೂ ಏರುತ್ತದೆ. ಐದನೇ ದರ್ಜೆಯ ಪ್ಲೇಟಿನ ಮುಂದಾದರೋ, ಬಾಳಿಕೆ ಮೂರನೇ ಎರಡು ಪಾಲಿಗಿಂತ ತುಸು ಕೆಳಗೆ ಇಳಿಯುವವರೆಗೂ ಇದೇ ಗುಂಡಿನ ಸಂಭವ ಸೊನ್ನೆಯಲ್ಲೇ ನಿಂತಿರುತ್ತದೆ. ಅಲ್ಲಿಯವರೆಗಿನ ಪ್ರತಿ ಹೊಡೆತವೂ ಪ್ಲೇಟನ್ನು ಸವೆಸುವ ಕೆಲಸ ಮಾತ್ರ.

ಸವೆತದ ವೇಗ ಕವಚದ ವಸ್ತುವನ್ನು ಅವಲಂಬಿಸಿದೆ. ಅರಾಮಿಡ್ ಎಂಬ ನಾರಿನ ಬಟ್ಟೆ ಬೇಗ ಸವೆಯುವುದಿಲ್ಲ. ಪಾಲಿಥಿಲೀನ್ ಅದಕ್ಕಿಂತ ಬೇಗ, ಉಕ್ಕು ಇನ್ನೂ ಬೇಗ ಸವೆಯುತ್ತವೆ. ಸೆರಾಮಿಕ್ ಎಲ್ಲಕ್ಕಿಂತ ಬೇಗ ಒಡೆಯುತ್ತದೆ. ಹೀಗಾಗಿ ದರ್ಜೆ ಒಂದೇ ಆದರೂ ಸೆರಾಮಿಕ್ ಪ್ಲೇಟ್ ಮೊದಲ ಕೆಲವು ಗುಂಡುಗಳನ್ನು ಚೆನ್ನಾಗಿ ತಡೆದು ನಂತರ ಕುಸಿಯುತ್ತದೆ, ಪಾಲಿಥಿಲೀನ್ ಪ್ಲೇಟ್ ಹೆಚ್ಚು ಹೊತ್ತು ತಾಳುತ್ತದೆ. ರಿಪೇರಿ ಮಾಡಿಸಿದ ಕವಚ ತನ್ನ ಮೂಲ ಬಾಳಿಕೆಗೆ ಎಂದೂ ಮರಳುವುದಿಲ್ಲ, ಪ್ರತಿ ರಿಪೇರಿಯೂ ಗರಿಷ್ಠ ಮಿತಿಯಿಂದ ಒಂದಷ್ಟನ್ನು ಕತ್ತರಿಸುತ್ತದೆ ಮತ್ತು ಸೆರಾಮಿಕ್‌ನಲ್ಲಿ ಈ ಕಡಿತ ಹೆಚ್ಚು. ಬೇರೆ ಆಟಗಾರನ ಹೆಣದಿಂದ ಬಿಚ್ಚಿಕೊಂಡ ಐದನೇ ದರ್ಜೆಯ ಪ್ಲೇಟನ್ನು ಬಾಳಿಕೆ ನೋಡದೆ ತೊಟ್ಟವನು ತಾನು ಐದನೇ ದರ್ಜೆಯಲ್ಲಿದ್ದೇನೆಂದು ತಿಳಿದು ನಾಲ್ಕನೆಯದರ ರಕ್ಷಣೆಯಲ್ಲಿ ಓಡಾಡುತ್ತಿರಬಹುದು. ಅರ್ಧ ಸವೆದ ಐದನೇ ದರ್ಜೆಯ ತಡೆ 43ಕ್ಕೆ ಬಂದು ನಿಂತಿರುತ್ತದೆ, 44ರ ಪೆನ್ ಇರುವ M855A1 ಅದನ್ನು ನಿರಾಯಾಸವಾಗಿ ದಾಟುತ್ತದೆ.

2023ರ ಡಿಸೆಂಬರ್‌ನಲ್ಲಿ ಬಂದ 0.14 ಪರಿಷ್ಕರಣೆ ಈ ಲೆಕ್ಕಕ್ಕೆ ಭೂಗೋಳವನ್ನೂ ಸೇರಿಸಿತು. ಅದಕ್ಕೂ ಮೊದಲು ಕವಚವೆಂದರೆ ಎದೆ, ಹೊಟ್ಟೆಗಳನ್ನು ಒಂದೇ ಸಮನೆ ಹೊದ್ದಿಸಿದ ಒಂದು ಪದರ; ಆ ಬಳಿಕ ಎದೆಗೆ, ಬೆನ್ನಿಗೆ, ಕೆಲವು ಕವಚಗಳಲ್ಲಿ ಪಕ್ಕೆಗಳಿಗೂ ಬೇರೆಬೇರೆ ಪ್ಲೇಟ್‌ಗಳನ್ನು ತೂರಿಸುವ, ಅವುಗಳ ಹಿಂದೆಯೂ ಸುತ್ತಲೂ ತೆಳು ಬಟ್ಟೆಯ ಮೆದು ಕವಚವಿರುವ ವ್ಯವಸ್ಥೆ ಬಂತು. ಪ್ಲೇಟನ್ನು ದಾಟಿದ ಗುಂಡು ಹಿಂದಿನ ಬಟ್ಟೆಯನ್ನೂ ದಾಟಬೇಕಾದ್ದರಿಂದ ಮೇಲಿನ ಅಂಕಗಳು ನಿಜದಲ್ಲಿ ಇನ್ನೊಂದಿಷ್ಟು ಕುಗ್ಗುತ್ತವೆ. ಆದರೆ ಪ್ಲೇಟ್ ದೇಹವನ್ನು ಪೂರ್ತಿ ಮುಚ್ಚುವುದಿಲ್ಲ ಎಂಬುದು ಹೊಡೆಯುವವನಿಗೆ ಅದಕ್ಕಿಂತ ದೊಡ್ಡ ಸಂಗತಿ. ಅದರ ಮೇಲಂಚಿನ ಮೇಲೆ ಕುತ್ತಿಗೆಯ ಬುಡವಿದೆ, ಬದಿಯಲ್ಲಿ ಕಂಕುಳಿದೆ, ಕೆಳಗೆ ಹೊಟ್ಟೆಯ ಭಾಗವಿದೆ. ಅಲ್ಲೆಲ್ಲ ಇರುವುದು ಎರಡನೇ ಅಥವಾ ಮೂರನೇ ದರ್ಜೆಯ ಬಟ್ಟೆ, ಇಲ್ಲವೇ ಏನೂ ಇಲ್ಲ. M855ನಂಥ ಸಾಧಾರಣ ಗುಂಡಿಗೂ ಮೂರನೇ ದರ್ಜೆಯ ಬಟ್ಟೆ ದೊಡ್ಡ ಅಡ್ಡಿಯಲ್ಲ. ಎದುರಾಳಿ ಗೋಡೆಯ ಅಂಚಿನಿಂದ ಓರೆಯಾಗಿ ಹೊರಬರುವಾಗ ಅವನ ಪಕ್ಕೆ ಕಾಣುವ ಆ ಕ್ಷಣ, ಪ್ಲೇಟಿನ ದರ್ಜೆ ಎಷ್ಟೇ ಇದ್ದರೂ, ಅಗ್ಗದ ಗುಂಡಿನ ಪಾಲಿಗೆ ಅತ್ಯಂತ ಅನುಕೂಲದ ಕ್ಷಣ.

ತಲೆಯ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ. ಹೆಲ್ಮೆಟ್ ನೆತ್ತಿ, ಹಿಂದಲೆ, ಕೆಲವೊಮ್ಮೆ ಕಿವಿಗಳನ್ನು ಕಾಯುತ್ತದೆ; ಮುಖಕ್ಕೆ ಪ್ರತ್ಯೇಕ ತಗಡು ಇಳಿಬಿಡದ ಹೊರತು ಮುಖ ಬರಿದೇ ಇರುತ್ತದೆ, ಮತ್ತು 35 ಅಂಕದ ತಲೆಯನ್ನು ಮುಗಿಸಲು ಮೇಲೆ ಹೆಸರಿಸಿದ ಐದು ಗುಂಡುಗಳಲ್ಲಿ ಯಾವುದಾದರೂ ಒಂದು ಸಾಕು. ಇಂಟರ್‌ಚೇಂಜ್ ನಕ್ಷೆಯ ದೊಡ್ಡ ಮಳಿಗೆ ಸಂಕೀರ್ಣದಲ್ಲಿ ತಿರುಗಾಡುವ ಕಿಲ್ಲಾ ಎಂಬ ಗಣಕಚಾಲಿತ ಮುಖಂಡ ಈ ಬಾಗಿಲನ್ನೂ ಮುಚ್ಚಿಕೊಂಡು ಬರುತ್ತಾನೆ: ಮೈಗೆ ಭಾರೀ ಕವಚ, ತಲೆಗೆ ಮುಖವನ್ನೂ ಮುಚ್ಚುವ ಮಾಸ್ಕಾ ಹೆಲ್ಮೆಟ್. ಅವನ ಮುಂದೆ ಮಧ್ಯಮ ದರ್ಜೆಯ ಗುಂಡು ಹಿಡಿದವನಿಗೆ ಎದೆಗೂ ತಲೆಗೂ ಗುರಿಯಿಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ನೆರವಿಗೆ ಬರುವುದು ಆಟಗಾರರು ‘ಲೆಗ್ ಮೆಟಾ’ ಎಂದು ಕರೆಯುವ ಉಪಾಯ, ಅಂದರೆ ಯಾವ ಕವಚವೂ ಇಲ್ಲದ ಕಾಲುಗಳನ್ನೇ ಗುರಿಯಾಗಿಸಿಕೊಳ್ಳುವುದು. ಕಾಲಿನ ಅಂಕ ಮುಗಿದ ಮೇಲೆ ಅದೇ ಕಾಲಿಗೆ ಬೀಳುವ ಹಾನಿ ದೇಹದ ಉಳಿದ ಭಾಗಗಳಿಗೆ ಹರಡುತ್ತದೆ, ಹಾಗೆ ಹರಡುತ್ತಾ ಕೊನೆಗೆ ಎದೆಯನ್ನೋ ತಲೆಯನ್ನೋ ಮುಗಿಸುತ್ತದೆ. ಇಲ್ಲಿ ಪೆನ್‌ಗೆ ಬೆಲೆಯೇ ಇಲ್ಲ. ಒಂದೇ ಹೊಡೆತಕ್ಕೆ ಆಟಗಾರನೊಬ್ಬನ 65 ಅಂಕದ ಕಾಲನ್ನು ಮುಗಿಸಬಲ್ಲ Warmageddon, ಅಥವಾ ಹನ್ನೆರಡು ಬೋರಿನ ಬಂದೂಕಿನ ಚರೆ, ದುಬಾರಿ ಗುಂಡುಗಳನ್ನು ಇಲ್ಲಿ ಸುಲಭವಾಗಿ ಮೀರಿಸುತ್ತದೆ. ಈ ಉಪಾಯದ ಮಿತಿಯೂ ಸ್ಪಷ್ಟ: ಹಲವು ಗುಂಡುಗಳು ಬೇಕು, ದೂರ ಕಡಿಮೆಯಿರಬೇಕು, ಎದುರಾಳಿ ಮೇಜಿನ ಅಥವಾ ಗೋಡೆಯ ಮರೆಯಲ್ಲಿ ನಿಂತರೆ ಕಾಲೇ ಕಾಣುವುದಿಲ್ಲ.

ಹಾಗಾದರೆ ಆಯ್ಕೆ ಎಲ್ಲಿಂದ ಆರಂಭವಾಗಬೇಕು? ಪಟ್ಟಿಯ ತುದಿಯಿಂದಲ್ಲ, ಆ ದಾಳಿಯಲ್ಲಿ ಎದುರಾಗಬಹುದಾದವರ ಕವಚದಿಂದ. ಸ್ಕ್ಯಾವ್‌ಗಳೆಂದು ಕರೆಯಲಾಗುವ ಸಾಮಾನ್ಯ ಲೂಟಿಕೋರರು ಹೆಚ್ಚಾಗಿ ಕೆಳದರ್ಜೆಯ ಕವಚ ತೊಟ್ಟಿರುತ್ತಾರೆ ಅಥವಾ ಏನನ್ನೂ ತೊಟ್ಟಿರುವುದಿಲ್ಲ. ಅವರನ್ನು ಬೇಟೆಯಾಡುವ ಕೆಲಸಕ್ಕೆ 20ರಿಂದ 30ರ ಪೆನ್ ಇದ್ದರೆ ಧಾರಾಳವಾಯಿತು. ಆಟಗಾರರ ಪ್ರಗತಿಯೆಲ್ಲ ಅಳಿಸಿಹೋಗಿ ಹೊಸ ಸುತ್ತು ಆರಂಭವಾದ ಮೊದಲ ವಾರಗಳಲ್ಲಿ ಎಲ್ಲರ ಬಳಿಯೂ ಇರುವುದು ಕೆಳಗಿನ ದರ್ಜೆಗಳೇ ಆದ್ದರಿಂದ ಆಗ M855ನಂಥದ್ದೂ ಗೌರವದ ಗುಂಡು. ವಾರಗಳು ಕಳೆದಂತೆ ನಾಲ್ಕನೇ ದರ್ಜೆ ಸಾಮಾನ್ಯವಾಗುತ್ತದೆ, ಆಗ ಪೆನ್ 38ರಿಂದ 45ರ ನಡುವಿನ ಗುಂಡುಗಳು ಕೆಲಸಕ್ಕೆ ಬರುತ್ತವೆ. ಪ್ರಯೋಗಾಲಯದ ನಕ್ಷೆಯಂಥ ಕಡೆಗಳಲ್ಲಿ ಐದು, ಆರನೇ ದರ್ಜೆಯವರೇ ಎದುರಾಗುವ ಸಾಧ್ಯತೆಯಿದ್ದಾಗ ಮಾತ್ರ 50ನ್ನು ಮೀರಿದವುಗಳಿಗೆ ಖರ್ಚು ಮಾಡುವುದು ನ್ಯಾಯ. ಎದುರಾಗುವ ದರ್ಜೆಯ ತಡೆಯನ್ನು ತುಸುವೇ ಮೀರುವ ಗುಂಡು, ಅದು ಸಿಗದಿದ್ದರೆ ತಡೆಗಿಂತ ಎರಡು ಮೂರು ಅಂಕಕ್ಕೆ ಮಿಕ್ಕಿ ಕೆಳಗಿಲ್ಲದ ಗುಂಡು: ಆಯ್ಕೆಯ ಸಾರವೆಲ್ಲ ಇಷ್ಟರಲ್ಲಿದೆ.

ಬೇಕೆಂದದ್ದು ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆಟದೊಳಗಿನ ವ್ಯಾಪಾರಿಗಳು ತಮ್ಮೊಡನೆ ಗಳಿಸಿದ ವಿಶ್ವಾಸದ ಮಟ್ಟಕ್ಕೆ ತಕ್ಕಂತೆ ಗುಂಡು ಮಾರುತ್ತಾರೆ. ಆಟಗಾರರು ಪರಸ್ಪರ ಮಾರಿಕೊಳ್ಳುವ ಫ್ಲೀ ಮಾರ್ಕೆಟ್‌ನಲ್ಲಿ ಮೇಲ್ದರ್ಜೆಯ ಗುಂಡುಗಳ ಮಾರಾಟಕ್ಕೆ 2022ರಲ್ಲಿ ನಿರ್ಬಂಧ ಬಿದ್ದ ಮೇಲೆ, ಅವು ವ್ಯಾಪಾರಿಗಳ ಮೇಲಿನ ಮಟ್ಟದಿಂದಲೋ, ಅಡಗುತಾಣದ ಕಾರ್ಯಮೇಜಿನಲ್ಲಿ ತಯಾರಿಸಿಯೋ, ಹುಡುಕಿಯೋ ಪಡೆಯಬೇಕಾದ ಸರಕಾದವು. ಕೊರತೆಯನ್ನು ನಿಭಾಯಿಸಲು ಅನುಭವಿಗಳು ಮ್ಯಾಗಜೀನನ್ನು ಬೆರೆಸಿ ತುಂಬುತ್ತಾರೆ. ಕೊನೆಗೆ ತುಂಬಿದ ಗುಂಡೇ ಮೊದಲು ಹಾರುವುದರಿಂದ, ಮೂವತ್ತರ ಮ್ಯಾಗಜೀನಿನ ತಳದಲ್ಲಿ ಇಪ್ಪತ್ತು ಸಾಧಾರಣ ಗುಂಡನ್ನು ಹಾಕಿ ಮೇಲೆ ಹತ್ತು M855A1 ಹಾಕಿದರೆ ಕಾದಾಟದ ನಿರ್ಣಾಯಕ ಮೊದಲ ಸೆಕೆಂಡಿಗೆ ಒಳ್ಳೆಯ ಗುಂಡು ದೊರೆಯುತ್ತದೆ. ಒಂದೊಂದು ಗುಂಡನ್ನು ಪರ್ಯಾಯವಾಗಿ ಬೆರೆಸುವ ಇನ್ನೊಂದು ಪದ್ಧತಿಗಿಂತ ಇದು ಮೇಲು ಎಂದೇ ಹೇಳಬೇಕು, ಏಕೆಂದರೆ ಪರ್ಯಾಯದಲ್ಲಿ ಪ್ರತಿ ಎರಡನೇ ಹೊಡೆತವೂ ಪ್ಲೇಟಿಗೆ ಬಡಿದು ನಿಲ್ಲುವ ಸಾಧ್ಯತೆ ಹೆಚ್ಚು. M856A1 ಬೆರೆಸುವವರು ಮಾತ್ರ ಇನ್ನೊಂದನ್ನು ನೆನಪಿಡಬೇಕು: ಅದು ಟ್ರೇಸರ್, ಅಂದರೆ ಹಾರುವ ದಾರಿಯಲ್ಲಿ ಬೆಳಕಿನ ಗೆರೆ ಎಳೆಯುವ ಗುಂಡು. ರಾತ್ರಿಯ ದಾಳಿಯಲ್ಲಿ ಆ ಗೆರೆ ಹೊಡೆದವನು ನಿಂತ ಜಾಗವನ್ನು ಸುತ್ತಲಿನವರಿಗೆಲ್ಲ ತೋರಿಸಿಕೊಡುತ್ತದೆ.

ಕೊನೆಯದಾಗಿ ದೂರದ ಮಾತು. ಗುಂಡು ಮುಂದೆ ಸಾಗಿದಂತೆ ವೇಗ ಕಳೆದುಕೊಳ್ಳುತ್ತದೆ, ವೇಗದೊಂದಿಗೆ ಅದರ ಹಾನಿಯೂ ಪೆನ್ನೂ ಇಳಿಯುತ್ತವೆ. ಹತ್ತಿರದಲ್ಲಿ ನಾಲ್ಕನೇ ದರ್ಜೆಯನ್ನು ನಾಲ್ಕು ಅಂಕದ ಅಂತರದಲ್ಲಿ ಮೀರುವ M855A1 ದೂರದ ಗುರಿಯ ಮೇಲೆ ಆ ಅಂತರವನ್ನು ಕಳೆದುಕೊಂಡು ಸಂಭವದ ಪಟ್ಟಿಯೊಳಕ್ಕೆ ಜಾರುತ್ತದೆ, ಮತ್ತು ಆ ಪಟ್ಟಿಯ ಮೇಲ್ತುದಿ ಎಷ್ಟು ಕಡಿದು ಎಂಬುದನ್ನು ಈಗಾಗಲೇ ನೋಡಿದ್ದಾಗಿದೆ. ಆದ್ದರಿಂದ ಬಯಲಿನ ನಕ್ಷೆಗಳಲ್ಲಿ ದೂರದಿಂದ ಹೊಡೆಯಲು ಹೊರಟವನು ಕಟ್ಟಡಗಳೊಳಗೆ ಕಾದಾಡುವವನಿಗಿಂತ ಒಂದು ಮೆಟ್ಟಿಲು ಹೆಚ್ಚಿನ ಪೆನ್ ಇಟ್ಟುಕೊಳ್ಳಬೇಕು. ಗಡಿಗಿಂತ ಮೇಲಿನ ಪೆನ್ ದುಂದಾಗದೆ ಉಪಯೋಗಕ್ಕೆ ಬರುವ ಮುಖ್ಯ ಸಂದರ್ಭ ಅದು.